ಗುಂಡಿ ಒತ್ತಿದರೆ ನಿಂತುಬಿಡುವ ಆಟ

ಹಳೆಯ ಕನ್ಸೋಲ್ ಆಟವನ್ನು ಉಳಿಸಬೇಕಾದರೆ ಅದರ ಪ್ರೋಗ್ರಾಂ ಜೊತೆಗೆ ಅದನ್ನು ನಡೆಸುತ್ತಿದ್ದ ಯಂತ್ರದ ವರ್ತನೆಯೂ ಉಳಿಯಬೇಕು. ಕಷ್ಟವಿರುವುದು ಎರಡನೆಯದರಲ್ಲಿ. ನಿಂಟೆಂಡೊ 1990ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ, ಅಮೆರಿಕದಲ್ಲಿ ಸೂಪರ್ ನಿಂಟೆಂಡೊ ಎಂದು ಹೆಸರಾದ ಯಂತ್ರ ಇದಕ್ಕೆ ಒಳ್ಳೆಯ ಉದಾಹರಣೆ.

ಇದರ ಆಟಗಳು ಕಾರ್ಟ್ರಿಜ್‌ನಲ್ಲಿ ಬರುತ್ತಿದ್ದವು. ಒಳಗಿನ ಮುಖ್ಯ ಚಿಪ್ಪನ್ನು ಓದಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ದೊಡ್ಡ ಕೆಲಸವಲ್ಲ. ಆದರೆ ‘ಸೂಪರ್ ಮಾರಿಯೊ ಕಾರ್ಟ್’ನಂಥ ಆಟಗಳ ಕಾರ್ಟ್ರಿಜ್‌ನಲ್ಲಿ ಲೆಕ್ಕ ಮಾಡಲೆಂದೇ ಇನ್ನೊಂದು ಚಿಪ್ ಇರುತ್ತದೆ. ಅದರೊಳಗಿನ ಪ್ರೋಗ್ರಾಂ ಹೊರಗಿನ ಪಿನ್ನುಗಳಿಂದ ಓದಲು ಸಿಗದು. ಹವ್ಯಾಸಿಗಳು ಕೊನೆಗೆ ಚಿಪ್ಪಿನ ಹೊದಿಕೆಯನ್ನೇ ಆಮ್ಲದಲ್ಲಿ ಕರಗಿಸಿ, ಒಳಗಿನ ಸಿಲಿಕಾನ್ ಹೊರತೆಗೆದು ಅದರಲ್ಲಿದ್ದುದನ್ನು ಓದಬೇಕಾಯಿತು.

ಪ್ರೋಗ್ರಾಂ ಕೈಗೆ ಬಂದ ಮೇಲೆ ಎಮ್ಯುಲೇಟರ್ ಬೇಕು. ಹಳೆಯ ಯಂತ್ರದ ಪ್ರೊಸೆಸರ್, ಚಿತ್ರ, ಧ್ವನಿ ಭಾಗಗಳಂತೆ ನಡೆದುಕೊಳ್ಳುವ ತಂತ್ರಾಂಶವಿದು. ಎಷ್ಟರ ಮಟ್ಟಿಗೆ ಹಾಗೆ ನಡೆದುಕೊಳ್ಳಬೇಕು ಎಂಬುದನ್ನು ‘ಸ್ಪೀಡಿ ಗೊನ್ಜಾಲೆಸ್’ ಆಟ ತೋರಿಸಿಕೊಟ್ಟಿತು. ಅದರ ಕೊನೆಯ ಹಂತಗಳಲ್ಲೊಂದರಲ್ಲಿ ಒಂದು ಗುಂಡಿಯಿದೆ. ನಿಜವಾದ ಯಂತ್ರದಲ್ಲಿ ಅದನ್ನು ಒತ್ತಿದರೆ ಆಟ ಮುಂದುವರಿಯುತ್ತದೆ. ಹಲವು ಎಮ್ಯುಲೇಟರುಗಳಲ್ಲಿ ಅಲ್ಲೇ ನಿಂತುಬಿಡುತ್ತಿತ್ತು. ಆಟ ಬರೆದವರ ತಪ್ಪಿನಿಂದ ಪ್ರೋಗ್ರಾಂ ಏನೂ ಇಲ್ಲದ ವಿಳಾಸವೊಂದನ್ನು ಓದುತ್ತ, ಅಲ್ಲಿನ ಬೆಲೆ ಬದಲಾಗಲಿ ಎಂದು ಕಾಯುತ್ತಿರುತ್ತದೆ. ಅಂಥ ಕಡೆ ಸಿಗುವುದು ತಂತಿಗಳ ಮೇಲೆ ಹಿಂದಿನ ಬಾರಿ ಹರಿದು ಉಳಿದ ಬೆಲೆ. ನಿಜವಾದ ಯಂತ್ರದಲ್ಲಿ, ಓದುವ ಆಜ್ಞೆ ಇನ್ನೂ ಅರ್ಧದಲ್ಲಿರುವಾಗ, ಚಿತ್ರಕ್ಕೆ ಮಾಹಿತಿ ಸಾಗಿಸುವ ಭಾಗ ಎಂದಾದರೊಮ್ಮೆ ನಡುವೆ ನುಗ್ಗಿ ಬೇರೆ ಬೆಲೆ ಬಿಟ್ಟು ಹೋಗುತ್ತದೆ, ಕಾಯುವಿಕೆ ಮುಗಿಯುತ್ತದೆ. ಇಡೀ ಆಜ್ಞೆಯನ್ನು ಒಂದೇ ಏಟಿಗೆ ಮುಗಿಸುವ ಎಮ್ಯುಲೇಟರಿನಲ್ಲಿ ‘ಅರ್ಧ’ ಎಂಬುದೇ ಇರುವುದಿಲ್ಲ.

ಬ್ಯೂ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪ್ರೋಗ್ರಾಮರ್ ತಮ್ಮ `bsnes`ನಲ್ಲಿ ಎಲ್ಲ ಭಾಗಗಳನ್ನೂ ಗಡಿಯಾರದ ಬಡಿತ ಬಡಿತಕ್ಕೂ ಹೊಂದಿಸಿದರು. ಮೂಲ ಪ್ರೊಸೆಸರಿನ ವೇಗ ಹೆಚ್ಚೆಂದರೆ 3.58 ಮೆಗಾಹರ್ಟ್ಸ್, ಅದನ್ನು ಹೀಗೆ ಅನುಕರಿಸಲು 2011ರ ಹೊತ್ತಿಗೆ ಸುಮಾರು 3 ಗಿಗಾಹರ್ಟ್ಸ್ ಪ್ರೊಸೆಸರ್ ಬೇಕಾಗುತ್ತಿತ್ತು. ಎರಡು ತಪ್ಪುಗಳು ಕೂಡಿ ಸರಿಯಾದ ಆಟಕ್ಕೆ ತೆತ್ತ ಬೆಲೆಯಿದು.

ಕಾನೂನಿನಲ್ಲೂ ಯಂತ್ರ ಬೇರೆ, ಆಟ ಬೇರೆ. ಕನೆಕ್ಟಿಕ್ಸ್ ಕಂಪನಿ ಮ್ಯಾಕ್ ಕಂಪ್ಯೂಟರಿನಲ್ಲಿ ಪ್ಲೇಸ್ಟೇಷನ್ ಆಟ ನಡೆಸುವ ತಂತ್ರಾಂಶ ತಂದಾಗ ಸೋನಿ ಮೊಕದ್ದಮೆ ಹೂಡಿತು. ಅಧ್ಯಯನದ ವೇಳೆ ಕನೆಕ್ಟಿಕ್ಸ್ ಸೋನಿಯ ಬಯೋಸ್ ನಕಲು ಮಾಡಿಕೊಂಡಿದ್ದು ನಿಜ, ಆದರೆ ಮಾರಿದ ತಂತ್ರಾಂಶದಲ್ಲಿ ಸೋನಿಯ ಕೋಡ್ ಇರಲಿಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ರಲ್ಲಿ ಆ ನಕಲನ್ನು ನ್ಯಾಯಯುತ ಬಳಕೆ ಎಂದಿತು. ಆಟದ ಪ್ರತಿಗೆ ಮಾತ್ರ ಈ ರಕ್ಷೆಯಿಲ್ಲ. ಅಂಗಡಿಯಲ್ಲಿ ಸಿಗದಿದ್ದರೂ ಹಕ್ಕುಸ್ವಾಮ್ಯ ಉಳಿದೇ ಇರುತ್ತದೆ. ಭಾರತದ ಕಾಯ್ದೆಯ 52ನೇ ಕಲಂ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವರಿಗೆ, ಅದು ಹಾಳಾದರೆ ಇರಲೆಂದು ಬ್ಯಾಕಪ್ ತೆಗೆದುಕೊಳ್ಳಲು ಅವಕಾಶ ಕೊಡುತ್ತದೆ. ಅದೇ ಪ್ರತಿಯನ್ನು ಊರಿಗೆಲ್ಲ ಹಂಚಲು ಕೊಡುವುದಿಲ್ಲ.