ವಿಡಿಯೊ ದೊಡ್ಡದಾಗುತ್ತಿಲ್ಲವೇ?

ಪಾಠದ ವಿಡಿಯೊ ಓಡುತ್ತಿದೆ, ದನಿಯೂ ಸ್ಪಷ್ಟವಾಗಿದೆ. ಆದರೆ ಫುಲ್‌ಸ್ಕ್ರೀನ್ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಹಾಗೆಂದು ಇಂಟರ್ನೆಟ್ ಸಂಪರ್ಕವನ್ನು ದೂರಬೇಕಿಲ್ಲ. ಪರದೆಯನ್ನು ಪೂರ್ತಿ ಆವರಿಸಿಕೊಳ್ಳುವ ಹಕ್ಕು ಯಾವ ವೆಬ್ ಪುಟಕ್ಕೂ ತಾನಾಗಿ ಇರುವುದಿಲ್ಲ. ಅದು ಬ್ರೌಸರ್‌ನ ಅನುಮತಿ ಪಡೆಯಬೇಕು, ಅದೂ ನೋಡುವವರು ಕ್ಲಿಕ್ ಮಾಡಿದ ಬೆನ್ನಿಗೇ. ಬ್ಯಾಂಕಿನ ಪುಟದಂತೆ ಕಾಣುವ ನಕಲಿ ಪರದೆ ಏಕಾಏಕಿ ಎದುರಿಗೆ ಬಂದು ಮೋಸ ಮಾಡದಿರಲೆಂದು ಈ ಕಾವಲು.

ಕೋಚಿಂಗ್ ಕೇಂದ್ರವೊಂದು ತನ್ನ ಪುಟದೊಳಗೆ ಯೂಟ್ಯೂಬ್ ವಿಡಿಯೊ ಕೂರಿಸಿದೆ ಎನ್ನೋಣ. ಅದಕ್ಕೆ ಬಳಸುವ ಚೌಕಟ್ಟಿನ ಕೋಡ್ ಸುಮಾರಾಗಿ ಹೀಗಿರಬೇಕು:

```
<iframe src="..." allow="picture-in-picture" allowfullscreen></iframe>
```

ಕೊನೆಯ ಪದ ಬಿಟ್ಟುಹೋದರೆ ಆ ಚೌಕಟ್ಟಿನೊಳಗಿನ ವಿಡಿಯೊಗೆ ಫುಲ್‌ಸ್ಕ್ರೀನ್ ಸಿಗುವುದಿಲ್ಲ, ಬಟನ್ ಮಂಕಾಗುತ್ತದೆ. ಅದೇ ವಿಡಿಯೊವನ್ನು ಯೂಟ್ಯೂಬ್‌ನಲ್ಲೇ ತೆರೆದು ನೋಡಿ. ಅಲ್ಲಿ ಸರಿಯಾಗಿ ದೊಡ್ಡದಾದರೆ ಬ್ರೌಸರ್ ಸೆಟ್ಟಿಂಗ್‌ಗಳನ್ನು ತಡಕಾಡುವುದು ವ್ಯರ್ಥ. ಪುಟ ನಡೆಸುವವರಿಗೆ ಆ ಒಂದು ಪದದ ಬಗ್ಗೆ ಹೇಳಿದರೆ ಸಾಕು.

ಯೂಟ್ಯೂಬ್‌ನಲ್ಲೂ ಬಟನ್ ಮಿಸುಕದಿದ್ದರೆ ಅನುಮಾನ ಎಕ್ಸ್‌ಟೆನ್ಶನ್‌ಗಳ ಕಡೆ ತಿರುಗಬೇಕು. ಜಾಹೀರಾತು ತಡೆಯುವುದು, ವಿಡಿಯೊದ ವೇಗ ಬದಲಿಸುವುದು, ಪುಟಕ್ಕೆ ಕಪ್ಪು ಬಣ್ಣ ಬಳಿಯುವುದು, ಇವೆಲ್ಲ ಪುಟದೊಳಗೆ ಕೈಹಾಕುತ್ತವೆ. ಕೆಲವೊಮ್ಮೆ ಕಣ್ಣಿಗೆ ಕಾಣದ ಪದರವೊಂದು ಬಟನ್ ಮೇಲೆ ಕೂತು ನಮ್ಮ ಕ್ಲಿಕ್ಕನ್ನು ತಾನೇ ನುಂಗಿಬಿಡುತ್ತದೆ. ಇದನ್ನು ಗುರುತಿಸಲು ಸುಲಭದ ದಾರಿಯಿದೆ: ಕೀಬೋರ್ಡಿನ f ಒತ್ತಿ. ಬಟನ್ ಸುಮ್ಮನಿದ್ದು f ಕೆಲಸ ಮಾಡಿದರೆ ಅನುಮತಿಗೆ ತೊಂದರೆಯಿಲ್ಲ, ಕ್ಲಿಕ್ ಬಟನ್‌ಗೆ ತಲುಪುತ್ತಿಲ್ಲ ಎಂದರ್ಥ. F11 ಒತ್ತಿ ನೋಡುವುದರಿಂದ ಇದು ತಿಳಿಯದು. ಅದು ವಿಡಿಯೊವನ್ನಲ್ಲ, ಇಡೀ ಬ್ರೌಸರ್ ಕಿಟಕಿಯನ್ನು ದೊಡ್ಡದು ಮಾಡುತ್ತದೆ.

ಮುಂದಿನ ಹೆಜ್ಜೆ ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿ. ನಾವು ಒಪ್ಪಿಗೆ ಕೊಡದ ಹೊರತು ಎಕ್ಸ್‌ಟೆನ್ಶನ್‌ಗಳು ಅಲ್ಲಿ ಓಡುವುದಿಲ್ಲ. ಅಲ್ಲಿ ವಿಡಿಯೊ ಸರಿಯಿದ್ದರೆ chrome://extensions ತೆರೆದು ಅರ್ಧದಷ್ಟನ್ನು ಆಫ್ ಮಾಡಿ. ಎಂಟಿದ್ದರೆ ಮೊದಲು ನಾಲ್ಕು, ಉಳಿದ ಶಂಕಿತರಲ್ಲಿ ಎರಡು, ಆಮೇಲೆ ಒಂದು. ಮೂರೇ ಸುತ್ತಿನಲ್ಲಿ ತಪ್ಪಿತಸ್ಥ ಸಿಗುತ್ತಾನೆ. ಪ್ರತಿ ಸಲವೂ ಪುಟವನ್ನು ರಿಲೋಡ್ ಮಾಡಲೇಬೇಕು. ಆಗಲೇ ಪುಟದೊಳಗೆ ಸೇರಿಕೊಂಡ ಕೋಡ್ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಹೊರಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಮೂಲೆಯಲ್ಲಿ ಪುಟ್ಟ ಕಿಟಕಿಯಾಗಿ ತೇಲುವ ಪಿಕ್ಚರ್-ಇನ್-ಪಿಕ್ಚರ್‌ಗೂ ಇದೇ ಪರೀಕ್ಷೆ ನಡೆಯುತ್ತದೆ. ಆದರೆ ಆ ಆಯ್ಕೆ ಕಾಣದಿದ್ದರೆ ಅದು ಕೆಟ್ಟಿದೆಯೆಂದೇ ಅಲ್ಲ. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ವಿಡಿಯೊ ಮೇಲೆ ಒಮ್ಮೆ ರೈಟ್ ಕ್ಲಿಕ್ ಮಾಡಿದರೆ ಬರುವುದು ಯೂಟ್ಯೂಬ್‌ನದೇ ಪಟ್ಟಿ. ಮತ್ತೊಮ್ಮೆ ಮಾಡಿದರೆ ಬ್ರೌಸರ್‌ನ ಪಟ್ಟಿ ಬರುತ್ತದೆ, ಕ್ರೋಮ್‌ನಲ್ಲಿ ಆಯ್ಕೆ ಇರುವುದು ಅದರಲ್ಲಿ. ಫೈರ್‌ಫಾಕ್ಸ್ ತನ್ನ ಗುರುತನ್ನು ವಿಡಿಯೊ ಮೇಲೆಯೇ ತೋರಿಸುತ್ತದೆಯಾದರೂ 45 ಸೆಕೆಂಡಿಗಿಂತ ಚಿಕ್ಕ ತುಣುಕುಗಳಿಗೆ ಸಾಮಾನ್ಯವಾಗಿ ತೋರಿಸುವುದಿಲ್ಲ. ಇನ್ನು ವಿಡಿಯೊ ಹಾಕಿದ ತಾಣವೇ ಕೋಡ್‌ನಲ್ಲಿ disablepictureinpicture ಎಂದು ಬರೆದಿದ್ದರೆ ಕ್ರೋಮ್ ಆ ಮಾತಿಗೆ ಬದ್ಧವಾಗಿರುತ್ತದೆ. ಎಷ್ಟು ಎಕ್ಸ್‌ಟೆನ್ಶನ್ ತೆಗೆದರೂ ಆಯ್ಕೆ ಬರುವುದಿಲ್ಲ.