ಕ್ಲೋರಿನ್ ಹೊಕ್ಕ ವಿನೆಗರ್

1839ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಜಾನ್ ಬ್ಯಾಪ್ಟಿಸ್ಟ್ ಡ್ಯೂಮಾ ಒಂದು ಹೊಸ ಆಮ್ಲದ ಸುದ್ದಿ ಪ್ರಕಟಿಸಿದ. ವಿನೆಗರ್‌ಗೆ ಹುಳಿ ಕೊಡುವ ಅಸಿಟಿಕ್ ಆಮ್ಲವನ್ನು ಕ್ಲೋರಿನ್ ಅನಿಲ ತುಂಬಿದ ಬಾಟಲಿಗೆ ಹಾಕಿ ಬಿಸಿಲಿಗಿಟ್ಟರೆ ಬಿಳಿ ಹರಳುಗಳು ಸಿಗುತ್ತಿದ್ದವು. ಆಮ್ಲದ ಅಣುವಿನಲ್ಲಿದ್ದ ಮೂರು ಹೈಡ್ರೋಜನ್‌ಗಳನ್ನು ಹೊರಗಟ್ಟಿ ಮೂರು ಕ್ಲೋರಿನ್‌ಗಳು ಅಲ್ಲಿ ಬಿಡಾರ ಹೂಡಿದ್ದವು. ಅಂದರೆ CH₃COOH ಹೋಗಿ CCl₃COOH ಆಗಿತ್ತು. ಡ್ಯೂಮಾನ ವಾದ ಇಷ್ಟೇ: ಇದು ಕ್ಲೋರಿನ್ ಹೊಕ್ಕ ವಿನೆಗರ್, ಇದರ ಆಮ್ಲಶಕ್ತಿ ಏನೂ ಬದಲಾಗಿಲ್ಲ, ಮೊದಲಿನಷ್ಟೇ ಕ್ಷಾರವನ್ನು ಇದೂ ತಣಿಸುತ್ತದೆ.

ಸ್ವೀಡನ್ನಿನ ಬರ್ಜೀಲಿಯಸ್‌ಗೆ ಈ ಮಾತು ಹಿಡಿಸಲಿಲ್ಲ. ಅವನ ಲೆಕ್ಕದಲ್ಲಿ ಹೈಡ್ರೋಜನ್ ಧನ ಸ್ವಭಾವದ್ದು, ಕ್ಲೋರಿನ್ ಋಣ ಸ್ವಭಾವದ್ದು. ಒಂದರ ಜಾಗದಲ್ಲಿ ಇನ್ನೊಂದು ಕೂತೂ ವಸ್ತು ಹಾಗೇ ಉಳಿಯುವುದು ಹೇಗೆ? ಜಗಳ ಎಷ್ಟು ಬೆಳೆಯಿತೆಂದರೆ 1840ರಲ್ಲಿ ಜರ್ಮನಿಯ ವೂಲರ್ ಸುಳ್ಳು ಹೆಸರಿನಲ್ಲಿ ಒಂದು ಕುಚೋದ್ಯದ ಪ್ರಬಂಧವನ್ನೇ ಬರೆದುಬಿಟ್ಟ. ಅದರಲ್ಲಿ ಒಂದು ಲವಣದ ಎಲ್ಲ ಪರಮಾಣುಗಳ ಜಾಗಕ್ಕೂ ಕ್ಲೋರಿನ್ ಬಂದು ಕೂರುತ್ತದೆ, ಆದರೂ ಲವಣದ ಗುಣ ಮಾತ್ರ ಬದಲಾಗುವುದಿಲ್ಲ! ಲಂಡನ್ನಿನ ಅಂಗಡಿಗಳಲ್ಲಿ ಕ್ಲೋರಿನ್ ನೂಲಿನ ಬಟ್ಟೆಯೂ ಮಾರಾಟಕ್ಕಿದೆ ಎಂದು ಕೊನೆಗೊಂದು ಒಗ್ಗರಣೆ ಬೇರೆ.

ಕುಚೋದ್ಯ ಬದಿಗಿರಲಿ. ಈ ಜಗಳದಲ್ಲಿ ಇಬ್ಬರೂ ಅರ್ಧರ್ಧ ಸರಿ ಇದ್ದರು. ಅದು ಹೇಗೆಂದು ತಿಳಿಯಲು ಕಾಲೇಜಿನ ಪ್ರಯೋಗಾಲಯದ ಒಂದು ಬ್ಯುರೆಟ್ ಸಾಕು.

ಒಂದು ಫ್ಲಾಸ್ಕಿಗೆ 0.1 ಮೋಲಾರ್ ಸಾಂದ್ರತೆಯ ಅಸಿಟಿಕ್ ಆಮ್ಲವನ್ನು 10 ಮಿಲಿಲೀಟರ್ ಹಾಕೋಣ. ಇನ್ನೊಂದಕ್ಕೆ ಅಷ್ಟೇ ಸಾಂದ್ರತೆಯ ಕ್ಲೋರೋಅಸಿಟಿಕ್ ಆಮ್ಲವನ್ನು ಅಷ್ಟೇ ಹಾಕೋಣ. ಇದು ಒಂದೇ ಒಂದು ಕ್ಲೋರಿನ್ ಇರುವ ತಮ್ಮ. ಎರಡಕ್ಕೂ ಎರಡೆರಡು ಹನಿ ಫಿನಾಲ್ಫ್ತಲೀನ್ ಬಿಟ್ಟು, ಬ್ಯುರೆಟ್‌ನಿಂದ 0.1 ಮೋಲಾರ್ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಇಳಿಸಿದರೆ ಎರಡೂ ಫ್ಲಾಸ್ಕುಗಳು ಸರಿಸುಮಾರು 10 ಮಿಲಿಲೀಟರ್‌ಗೇ ತೆಳು ಗುಲಾಬಿಗೆ ತಿರುಗುತ್ತವೆ. ಡ್ಯೂಮಾ ನೋಡಿದ್ದು ಇದನ್ನೇ. ಪ್ರತಿ ಅಣುವಿನ ಬಳಿ ಬಿಟ್ಟುಕೊಡಲು ಒಂದೇ ಪ್ರೋಟಾನ್ ಇದೆ, ಕ್ಷಾರ ಬಂದು ಕೇಳಿದಾಗ ಎರಡು ಆಮ್ಲಗಳೂ ಅದನ್ನು ಕೊಟ್ಟೇ ಕೊಡುತ್ತವೆ.

ಆದರೆ ಕ್ಷಾರ ಬೀಳುವ ಮೊದಲೇ ಎರಡು ಫ್ಲಾಸ್ಕುಗಳಿಗೂ ಪಿಎಚ್ ಮೀಟರ್ ಇಳಿಸಿದ್ದರೆ? ಅಸಿಟಿಕ್ ಆಮ್ಲದಲ್ಲಿ ಅದು ಸುಮಾರು 2.9 ತೋರಿಸುತ್ತಿತ್ತು, ಕ್ಲೋರೋಅಸಿಟಿಕ್‌ನಲ್ಲಿ ಸುಮಾರು 2. ಮೊದಲನೆಯದರಲ್ಲಿ ನೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಅಣುಗಳು ಮಾತ್ರ ಪ್ರೋಟಾನನ್ನು ನೀರಿಗೆ ಬಿಟ್ಟಿವೆ. ಎರಡನೆಯದರಲ್ಲಿ ನೂರಕ್ಕೆ 11. ಎರಡು ಕ್ಲೋರಿನ್ ಇದ್ದರೆ ಇದು 48ಕ್ಕೆ ಏರುತ್ತದೆ, ಮೂರಿದ್ದರೆ 75ಕ್ಕೆ. ಗಂಟಿನಲ್ಲಿರುವ ಹಣ ಎಲ್ಲರದೂ ಒಂದೇ, ಕೈ ಎಷ್ಟು ಸಡಿಲ ಎನ್ನುವುದು ಬೇರೆ ಪ್ರಶ್ನೆ. ಡ್ಯೂಮಾ ಗಂಟು ಎಣಿಸಿದ್ದ, ಕೈ ಅಳೆದಿರಲಿಲ್ಲ.

ಕೈ ಅಳೆಯುವ ಕೆಲಸ 1880ರ ದಶಕದಲ್ಲಿ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್‌ನ ಪಾಲಿಗೆ ಬಂತು. ನೀರಿಗೆ ಬಿಟ್ಟ ಪ್ರೋಟಾನ್‌ಗಳು ವಿದ್ಯುತ್ತನ್ನು ಹರಿಸುತ್ತವೆ. ಹಾಗಾಗಿ ದ್ರಾವಣದ ವಿದ್ಯುತ್‌ವಾಹಕತೆಯನ್ನು ಅಳೆದರೆ ಎಷ್ಟು ಅಣು ಬಿಡಿಸಿಕೊಂಡಿವೆ ಎಂಬ ಲೆಕ್ಕ ಸಿಗುತ್ತದೆ. ಆ ಲೆಕ್ಕವನ್ನು ಇಂದು ಪಿಕೆಎ ಎಂಬ ಒಂದು ಅಂಕಿಯಲ್ಲಿ ಹೇಳುತ್ತಾರೆ. ಸರಳವಾಗಿ ಹೇಳುವುದಾದರೆ, ಆಮ್ಲದ ಸರಿಯಾಗಿ ಅರ್ಧದಷ್ಟು ಅಣುಗಳು ಪ್ರೋಟಾನ್ ಕಳಚಿಕೊಂಡು ನಿಂತಿರುವ ಪಿಎಚ್ ಯಾವುದೋ ಅದೇ ಆ ಆಮ್ಲದ ಪಿಕೆಎ. ಅಂಕಿ ಇಳಿದಷ್ಟೂ ಆಮ್ಲ ಪ್ರಬಲ. ಒಂದು ಮೆಟ್ಟಿಲು ಇಳಿದರೆ ಹತ್ತು ಪಟ್ಟು.

ಅಸಿಟಿಕ್ ಆಮ್ಲದ ಪಿಕೆಎ 4.76. ಒಂದು ಕ್ಲೋರಿನ್ ಸೇರಿದರೆ 2.87, ಎರಡಕ್ಕೆ 1.35, ಮೂರಕ್ಕೆ ಸುಮಾರು 0.66. ಮೊದಲನೆಯ ಕ್ಲೋರಿನ್ ಬಂದಾಗ ಇಳಿತ ಹೆಚ್ಚು, ಕೊನೆಯದಕ್ಕೆ ಕಡಿಮೆ. ಆದರೂ ಅಂಕಿಯ ಲೆಕ್ಕದಲ್ಲಿ ಟ್ರೈಕ್ಲೋರೋಅಸಿಟಿಕ್ ಆಮ್ಲ ವಿನೆಗರ್‌ನ ಆಮ್ಲಕ್ಕಿಂತ 12 ಸಾವಿರ ಪಟ್ಟು ಪ್ರಬಲ. ಚರ್ಮರೋಗ ವೈದ್ಯರು ನರಹುಲಿ ಸುಡಲು ಬಳಸುವುದು ಇದರ ಗಟ್ಟಿ ದ್ರಾವಣವನ್ನೇ.

ಕ್ಲೋರಿನ್ ಮಾಡುವುದಾದರೂ ಏನು? ಆಮ್ಲದ ತುದಿಯಲ್ಲಿರುವ COOH ಗುಂಪಿನಿಂದ ಪ್ರೋಟಾನ್ ಹೊರಟುಹೋದರೆ ಹಿಂದೆ ಒಂದು ಋಣ ಆವೇಶ ಉಳಿಯುತ್ತದೆ. ಆ ಆವೇಶ ಎರಡು ಆಕ್ಸಿಜನ್‌ಗಳ ಮಧ್ಯೆ ಹಂಚಿಕೆಯಾಗುತ್ತದೆ. ಕಾರ್ಬಾಕ್ಸಿಲಿಕ್ ಆಮ್ಲಗಳು ಆಲ್ಕೊಹಾಲ್‌ಗಿಂತ ಎಷ್ಟೋ ಪ್ರಬಲವಾಗಿರುವುದಕ್ಕೆ ಒಂದು ಮುಖ್ಯ ಕಾರಣ ಈ ಹಂಚಿಕೆ. ಕ್ಲೋರಿನ್‌ಗೆ ಎಲೆಕ್ಟ್ರಾನ್‌ಗಳ ಮೇಲೆ ಇಂಗಾಲಕ್ಕಿಂತ ಆಸೆ ಹೆಚ್ಚು. ಪಕ್ಕದ ಇಂಗಾಲದಿಂದ ಅದು ತನ್ನತ್ತ ಒಂದಿಷ್ಟು ಎಳೆಯುತ್ತದೆ, ಆ ಇಂಗಾಲ ತನ್ನ ಪಕ್ಕದ್ದರಿಂದ ಎಳೆಯುತ್ತದೆ. ಹೀಗೆ ಎಳೆತ ಬಂಧದಿಂದ ಬಂಧಕ್ಕೆ ದಾಟುತ್ತಾ COOH ಮುಟ್ಟುತ್ತದೆ. ಉಳಿದ ಋಣ ಆವೇಶ ಒಂದೇ ಕಡೆ ಗುಡ್ಡೆ ಬೀಳದೆ ಅಣುವಿನ ಉದ್ದಕ್ಕೂ ತುಸು ಹರಡಿಕೊಳ್ಳುತ್ತದೆ. ಹರಡಿದ ಆವೇಶಕ್ಕೆ ಪ್ರೋಟಾನನ್ನು ವಾಪಸ್ ಕರೆಯುವ ಆತುರ ಕಡಿಮೆ. ರಸಾಯನಶಾಸ್ತ್ರದ ಮೇಷ್ಟ್ರುಗಳು ಇದನ್ನು ಇಂಡಕ್ಟಿವ್ ಪರಿಣಾಮ ಎನ್ನುತ್ತಾರೆ. ಆವೇಶದ ಸ್ವಭಾವ ಬದಲಾದರೆ ವಸ್ತುವಿನಲ್ಲಿ ಅದು ಕಾಣಲೇಬೇಕೆಂದು ಹಟ ಹಿಡಿದಿದ್ದ ಬರ್ಜೀಲಿಯಸ್‌ನ ಅರ್ಧ ಸರಿ ಇರುವುದು ಇಲ್ಲಿ.

ಎಳೆಯುವ ಪರಮಾಣು ಬದಲಾದರೆ ಅಂಕಿಯೂ ಅದರ ಹಿಂದೆಯೇ ಓಡುತ್ತದೆ. ಕ್ಲೋರಿನ್ ಬದಲು ಇನ್ನೂ ಆಸೆಬುರುಕ ಫ್ಲೋರಿನ್ ಕೂತರೆ ಪಿಕೆಎ 2.59, ಬ್ರೋಮಿನ್ ಆದರೆ 2.90, ಅಯೋಡಿನ್ ಆದರೆ 3.18.

ಈ ಎಳೆತ ಬಲು ಬೇಗ ಸುಸ್ತಾಗುತ್ತದೆ ಎನ್ನುವುದಕ್ಕೆ ಬ್ಯುಟನೋಯಿಕ್ ಆಮ್ಲದಂಥ ಸೊಗಸಾದ ಸಾಕ್ಷಿ ಇನ್ನೊಂದಿಲ್ಲ. ಹಳಸಿದ ಬೆಣ್ಣೆಯ ಕಮಟು ವಾಸನೆಗೆ ಕಾರಣವಾಗುವ ಆಮ್ಲ ಇದು. ನಾಲ್ಕು ಇಂಗಾಲಗಳ ಸಾಲು, ಒಂದು ತುದಿಯಲ್ಲಿ COOH, ಪಿಕೆಎ 4.82. ಈಗ ಒಂದೇ ಒಂದು ಕ್ಲೋರಿನ್ ತೆಗೆದುಕೊಂಡು ಸಾಲಿನ ಬೇರೆಬೇರೆ ಕಡೆ ಕೂರಿಸಿ ನೋಡಬಹುದು. COOHನಿಂದ ಬಲು ದೂರದ ತುದಿಯಲ್ಲಿ ಕೂತರೆ ಪಿಕೆಎ 4.52, ಆಮ್ಲ ಎರಡು ಪಟ್ಟು ಪ್ರಬಲವಾಯಿತು, ಅಷ್ಟೇ. ಒಂದು ಮನೆ ಹತ್ತಿರ ಬಂದರೆ 4.05, ಸುಮಾರು ಆರು ಪಟ್ಟು. COOHಗೆ ಅಂಟಿದ ಇಂಗಾಲದ ಮೇಲೇ ಕೂತರೆ 2.86, ಸುಮಾರು 90 ಪಟ್ಟು. ಕ್ಲೋರಿನ್ ಅದೇ, ಅಣುವಿನ ತೂಕ ಅದೇ, ಸೂತ್ರವೂ ಅದೇ. ಬದಲಾದದ್ದು ಕೂತ ಜಾಗ ಮಾತ್ರ.

ಪಿಕೆಎಯನ್ನು ಬ್ಯುರೆಟ್‌ನಿಂದಲೇ ಅಳೆಯುವ ಸುಲಭದ ದಾರಿಯೊಂದು ಎಲ್ಲ ಪ್ರಯೋಗ ಪುಸ್ತಕಗಳಲ್ಲೂ ಇದೆ. ಗುಲಾಬಿ ಬಣ್ಣಕ್ಕೆ 10 ಮಿಲಿಲೀಟರ್ ಬೇಕಾಗಿದ್ದರೆ, ಇನ್ನೊಂದು ಫ್ಲಾಸ್ಕಿಗೆ ಅದರ ಅರ್ಧ, ಅಂದರೆ 5 ಮಿಲಿಲೀಟರ್ ಹಾಕಿ ಪಿಎಚ್ ಓದಿಕೊಳ್ಳುವುದು. ಅಲ್ಲಿ ಅರ್ಧ ಆಮ್ಲ, ಅರ್ಧ ಅದರ ಲವಣ ಇರುವುದರಿಂದ ಓದಿದ ಅಂಕಿಯೇ ಪಿಕೆಎ. ಅಸಿಟಿಕ್ ಆಮ್ಲಕ್ಕೆ ಈ ದಾರಿ ಚೊಕ್ಕವಾಗಿ 4.76ರ ಆಸುಪಾಸು ಕೊಡುತ್ತದೆ. ಕ್ಲೋರೋಅಸಿಟಿಕ್‌ಗೆ 2.9 ಬರುತ್ತದೆ, ಮೋಸವಿಲ್ಲ. ಟ್ರೈಕ್ಲೋರೋಅಸಿಟಿಕ್‌ಗೆ ಮಾತ್ರ ಮೀಟರ್ 1.6ರ ಹತ್ತಿರ ನಿಲ್ಲುತ್ತದೆ, ನಿಜವಾದ ಅಂಕಿ 0.66 ಆಗಿದ್ದರೂ. ಮೀಟರಿನದು ತಪ್ಪಿಲ್ಲ. ಈ ಆಮ್ಲ ಕ್ಷಾರ ಕೇಳುವವರೆಗೆ ಕಾಯುವ ಪೈಕಿಯದಲ್ಲ. ಉಳಿದ ಅರ್ಧದಲ್ಲೂ ಬಹುಪಾಲು ತಾನಾಗಿಯೇ ಪ್ರೋಟಾನ್ ಬಿಟ್ಟು ಕೂತಿರುತ್ತದೆ. ಹಾಗಾಗಿ 'ಅರ್ಧ ಆಮ್ಲ, ಅರ್ಧ ಲವಣ' ಎಂಬ ಲೆಕ್ಕವೇ ಅಲ್ಲಿ ಕುಸಿದಿರುತ್ತದೆ. ಓದಿದ ಪಿಎಚ್ ಎರಡಕ್ಕಿಂತ ಕೆಳಗಿದ್ದರೆ ಈ ಸುಲಭದ ದಾರಿಯನ್ನು ನಂಬಬಾರದು.

ಎಳೆತದ ಕಥೆಯಲ್ಲಿ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಪಾತ್ರ ಒಂದಿದೆ, ನೀರು. ಅಸಿಟಿಕ್ ಆಮ್ಲ ನೀರಿನಲ್ಲಿ ಪ್ರೋಟಾನ್ ಬಿಡುವಾಗ ಶಾಖ ಹೆಚ್ಚುಕಡಿಮೆ ಹುಟ್ಟುವುದೂ ಇಲ್ಲ, ಹೀರಿಕೆಯಾಗುವುದೂ ಇಲ್ಲ. ಹಾಗಿದ್ದರೆ ಅದನ್ನು ತಡೆಯುತ್ತಿರುವುದು ಯಾವುದು? ಋಣ ಆವೇಶ ಒಂದೇ ತುದಿಯಲ್ಲಿ ಗುಡ್ಡೆ ಬಿದ್ದಾಗ ಸುತ್ತಲಿನ ನೀರಿನ ಅಣುಗಳು ಅದರತ್ತ ಮುಖ ಮಾಡಿ ಶಿಸ್ತಾಗಿ ನಿಲ್ಲಬೇಕಾಗುತ್ತದೆ. ಅಡ್ಡಾದಿಡ್ಡಿ ಓಡಾಡಿಕೊಂಡಿದ್ದ ನೀರಿನ ಸ್ವಾತಂತ್ರ್ಯ ಹೋಗುತ್ತದೆ. ವಿಜ್ಞಾನಿಗಳ ಮಾತಿನಲ್ಲಿ ಎಂಟ್ರೊಪಿ ಇಳಿಯುತ್ತದೆ, ಅದಕ್ಕೆ ಬೆಲೆ ತೆರಬೇಕು. ಕ್ಲೋರಿನ್ ಆವೇಶವನ್ನು ಹರಡಿದಾಗ ನೀರಿನ ಮೇಲಿನ ಈ ಬಿಗಿ ಸಡಿಲವಾಗುತ್ತದೆ. ಕ್ಲೋರೋಅಸಿಟಿಕ್ ಆಮ್ಲಕ್ಕೆ ಸಿಕ್ಕ ಹೆಚ್ಚುವರಿ ಬಲದ ದೊಡ್ಡ ಪಾಲು ಬರುವುದು ಇಲ್ಲಿಂದಲೇ. ಎಳೆತ ಅಣುವಿನ ಒಳಗಿನದು, ಅದರ ಲಾಭ ಕಾಣುವುದು ಹೆಚ್ಚಾಗಿ ಹೊರಗಿನ ನೀರಿನಲ್ಲಿ.

ಇದಕ್ಕೆಲ್ಲ ಕ್ಲೋರಿನ್ನೇ ಬೇಕೆಂದಿಲ್ಲ. ಆಕ್ಸಿಜನ್ ಕೂಡ ಎಲೆಕ್ಟ್ರಾನ್ ಎಳೆಯುತ್ತದೆ, ಅದನ್ನು ಹೊತ್ತ OH ಗುಂಪು ನಮ್ಮ ಅಡುಗೆಮನೆಯಲ್ಲೇ ಇದೆ. ಮೂರು ಇಂಗಾಲಗಳ ಪ್ರೊಪನೋಯಿಕ್ ಆಮ್ಲದ ಪಿಕೆಎ 4.87. ಅದೇ ಅಣುವಿನಲ್ಲಿ COOHನ ಪಕ್ಕದ ಇಂಗಾಲಕ್ಕೆ ಒಂದು OH ಸೇರಿಸಿದರೆ ಮೊಸರಿನ ಲ್ಯಾಕ್ಟಿಕ್ ಆಮ್ಲ, ಪಿಕೆಎ 3.86, ಹತ್ತು ಪಟ್ಟು ಪ್ರಬಲ. ಹುಣಸೆಹಣ್ಣಿನ ಲೆಕ್ಕ ಇನ್ನೂ ಚೆಂದ. ನಾಲ್ಕು ಇಂಗಾಲಗಳ, ಎರಡೂ ತುದಿಯಲ್ಲಿ COOH ಇರುವ ಸಕ್ಸಿನಿಕ್ ಆಮ್ಲದ ಮೊದಲ ಪಿಕೆಎ 4.2. ನಡುವೆ ಒಂದು OH ಬಂದರೆ ಅದು ಸೇಬಿನ ಮ್ಯಾಲಿಕ್ ಆಮ್ಲ, 3.4. ಎರಡು OH ಬಂದರೆ ಹುಣಸೆಯ ಟಾರ್ಟಾರಿಕ್ ಆಮ್ಲ, ಸುಮಾರು 3. ಸಾರಿಗೆ ಹುಣಸೆ ಕಿವುಚುವವರ ಬೆರಳ ಸಂದಿಯಲ್ಲಿ ಇರುವುದು ಈ ಎರಡು OHಗಳ ಎಳೆತ.

ಹಾಗಂತ OH ಕಂಡಲ್ಲೆಲ್ಲ ಆಮ್ಲ ಬಲಗೊಳ್ಳುತ್ತದೆ ಎಂದು ಬರೆದುಕೊಂಡರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಬೆಂಜೀನ್ ಉಂಗುರಕ್ಕೆ COOH ಅಂಟಿದ ಬೆಂಜೋಯಿಕ್ ಆಮ್ಲದ ಪಿಕೆಎ 4.20. ಉಪ್ಪಿನಕಾಯಿ, ಸಾಸ್ ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್ ಇದರದೇ ಲವಣ. ಉಂಗುರದ ಎದುರು ತುದಿಯಲ್ಲಿ ನೈಟ್ರೋ ಗುಂಪು ಕೂತರೆ ಅಂಕಿ 3.44ಕ್ಕೆ ಇಳಿಯುತ್ತದೆ, ಎಳೆಯುವ ಗುಂಪು ಮಾಡಬೇಕಾದದ್ದೇ ಇದು. ಅದೇ ಜಾಗದಲ್ಲಿ OH ಕೂತರೆ ಮಾತ್ರ 4.58ಕ್ಕೆ ಏರುತ್ತದೆ, ಆಮ್ಲ ದುರ್ಬಲವಾಗುತ್ತದೆ. ಉಂಗುರದೊಳಗೆ ಎಲೆಕ್ಟ್ರಾನ್‌ಗಳು ಓಡಾಡಲು ಬೇರೊಂದು ದಾರಿ ಇದೆ. ಆ ದಾರಿಯಲ್ಲಿ OHನ ಆಕ್ಸಿಜನ್ ತನ್ನ ಬಳಿಯ ಬಿಡಿ ಎಲೆಕ್ಟ್ರಾನ್ ಜೋಡಿಯನ್ನು ಉಂಗುರಕ್ಕೆ ತಳ್ಳುತ್ತದೆ. ಹುಣಸೆಯಲ್ಲಿ ಎಳೆಯುತ್ತಿದ್ದ ಆಕ್ಸಿಜನ್ ಇಲ್ಲಿ ಒಂದು ಕೈಯಲ್ಲಿ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಅದಕ್ಕಿಂತ ಹೆಚ್ಚೇ ಕೊಡುತ್ತಿರುತ್ತದೆ.