ರಾತ್ರಿ ಬೊಗಳುವ ಕೆಮ್ಮು: ಮಗುವಿನ ಎದೆಯನ್ನು ನೋಡಿ

ಎರಡು ದಿನದ ನೆಗಡಿ. ಹತ್ತು ಕೆ.ಜಿ. ತೂಕದ ಒಂದೂವರೆ ವರ್ಷದ ಮಗು ಚೆನ್ನಾಗಿಯೇ ಮಲಗಿದೆ. ನಡುರಾತ್ರಿ ನಾಯಿ ಬೊಗಳಿದಂತೆ ಕೆಮ್ಮುತ್ತಾ ಎದ್ದು ಕೂರುತ್ತದೆ. ಧ್ವನಿ ಒಡೆದಿದೆ, ಉಸಿರು ಒಳಗೆಳೆದಾಗ 'ಗೊರ್' ಎಂಬ ಸದ್ದು. ಇದು 'ಕ್ರೂಪ್' ಆಗಿರಬಹುದು. ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ವೈರಸ್ ಸೋಂಕಿನಿಂದ ಧ್ವನಿಪೆಟ್ಟಿಗೆಯ ಕೆಳಭಾಗ ಊದಿಕೊಂಡು, ಮೊದಲೇ ಕಿರಿದಾದ ಉಸಿರಿನ ದಾರಿ ಇನ್ನಷ್ಟು ಕಿರಿದಾಗುತ್ತದೆ.

ಮೊದಲು ಮಗುವಿನ ಅಳು ನಿಲ್ಲಿಸಿ. ಅತ್ತಷ್ಟೂ ಉಸಿರಾಟ ಕಷ್ಟವಾಗುತ್ತದೆ. ತೊಡೆಯ ಮೇಲೆ ನೇರವಾಗಿ ಕೂರಿಸಿಕೊಂಡು ಸಮಾಧಾನಪಡಿಸಿ, ಗುಟುಕು ಗುಟುಕಾಗಿ ನೀರು ಅಥವಾ ಎದೆಹಾಲು ಕೊಡಿ. ಹೊರಗೆ ತಂಪಿದ್ದರೆ ಬೆಚ್ಚಗೆ ಹೊದಿಸಿ ಅಂಗಳದಲ್ಲಿ ಎತ್ತಿಕೊಂಡು ನಿಲ್ಲಬಹುದು. ಜ್ವರವಿದ್ದರೆ ಪ್ಯಾರಾಸಿಟಮಾಲ್ ಸಾಕು. ಬಾಟಲಿಯ ಮೇಲೆ 5 ಮಿ.ಲೀ.ಗೆ 120 ಮಿ.ಗ್ರಾಂ ಎಂದಿದ್ದರೆ ಹತ್ತು ಕೆ.ಜಿ. ಮಗುವಿಗೆ 5 ಮಿ.ಲೀ., 250 ಎಂದಿದ್ದರೆ ಅದರ ಅರ್ಧ. ಆರು ಗಂಟೆಯೊಳಗೆ ಮತ್ತೆ ಕೊಡಬಾರದು. ಬಿಸಿನೀರಿನ ಹಬೆ ಬೇಡ. ಅದರಿಂದ ಊತ ಇಳಿಯುವುದಿಲ್ಲ, ಮಗು ಸುಟ್ಟುಕೊಳ್ಳುವ ಅಪಾಯವಿದೆ. ಕೆಮ್ಮಿನ ಸಿರಪ್ ಬೇಡ. ಗಂಟಲಿಗೆ ಬೆರಳು, ಚಮಚ ಹಾಕಲೇಬೇಡಿ.

ಈಗ ಅಂಗಿ ಬಿಚ್ಚಿ ಎದೆಯನ್ನು ನೋಡಿ. ಕೆಮ್ಮುವಾಗ, ಅಳುವಾಗ ಮಾತ್ರ ಸದ್ದು ಬಂದು, ಸುಮ್ಮನಿದ್ದಾಗ ನಿಂತರೆ ಮನೆಯಲ್ಲೇ ಗಮನಿಸಿ, ಬೆಳಿಗ್ಗೆ ವೈದ್ಯರಿಗೆ ತೋರಿಸಬಹುದು. ಮಗು ಶಾಂತವಾಗಿದ್ದಾಗಲೂ ಸದ್ದು ಬರುತ್ತಿದ್ದರೆ, ಪಕ್ಕೆಲುಬುಗಳ ಕೆಳಗೆ ಅಥವಾ ಕತ್ತಿನ ಗುಳಿಯಲ್ಲಿ ಚರ್ಮ ಒಳಗೆ ಸೆಳೆಯುತ್ತಿದ್ದರೆ ಆಗಲೇ ಹೊರಡಿ. ಜೊಲ್ಲು ನುಂಗಲಾಗದಿರುವುದು, ತುಟಿ ನೀಲಿಯಾಗುವುದು, ಮಂಪರು ಕೂಡ ಅಪಾಯದ ಚಿಹ್ನೆಗಳೇ. ಬಳಲಿದ ಮಗುವಿನಲ್ಲಿ ಸದ್ದು ತಾನಾಗಿ ಕಡಿಮೆಯಾದರೆ ಗುಣವಾಯಿತೆಂದು ತಿಳಿಯಬೇಡಿ. ಗಾಳಿ ಒಳಹೋಗುವುದೇ ಕಡಿಮೆಯಾಗಿರಬಹುದು.

ಆಳಂದ, ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿ.ಮೀ.; ಅಫಜಲಪುರದಿಂದ ಇನ್ನೂ ದೂರ. ಆದ್ದರಿಂದ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಡೆಕ್ಸಾಮೆಥಸೋನ್ ಎಂಬ ಔಷಧದ ಒಂದೇ ಡೋಸ್ ಕೆಲವು ಗಂಟೆಗಳಲ್ಲಿ ಊತ ಇಳಿಸುತ್ತದೆ. ಉಸಿರಾಟ ತೀರಾ ಕಷ್ಟವಾಗಿದ್ದರೆ ಅಡ್ರಿನಾಲಿನ್ ಅನ್ನು ನೆಬ್ಯುಲೈಸರ್‌ನಲ್ಲಿ ಕೊಡುತ್ತಾರೆ. ಅದರ ಪರಿಣಾಮ ಸುಮಾರು ಎರಡು ಗಂಟೆಯಲ್ಲಿ ಇಳಿಯುವುದರಿಂದ, ಮಗು ಗೆಲುವಾಯಿತೆಂದು ಕೂಡಲೇ ಮನೆಗೆ ಕರೆತರಬೇಡಿ.

ವೈದ್ಯರಿಗೆ ಎರಡು ಸಂಗತಿ ತಪ್ಪದೆ ಹೇಳಿ. ನೆಗಡಿಯೇ ಇಲ್ಲದೆ ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದ್ದರೆ ಶೇಂಗಾ ಬೀಜವೋ ತೊಗರಿ ಕಾಳೋ ಶ್ವಾಸನಾಳದಲ್ಲಿ ಸಿಕ್ಕಿರಬಹುದು. ಆರು, ಹತ್ತು, ಹದಿನಾಲ್ಕನೆಯ ವಾರದ ಪೆಂಟಾವೇಲೆಂಟ್ ಲಸಿಕೆ ತಪ್ಪಿದ್ದರೆ ಗಂಟಲುಮಾರಿಯನ್ನೂ (ಡಿಫ್ತೀರಿಯಾ) ಅನುಮಾನಿಸಬೇಕಾಗುತ್ತದೆ. ಹೊರಡುವಾಗ ತಾಯಿ ಕಾರ್ಡ್ ಜೊತೆಗಿರಲಿ.

ಕ್ರೂಪ್ ಸಾಮಾನ್ಯವಾಗಿ ಮೂರ್ನಾಲ್ಕು ದಿನಗಳಲ್ಲಿ ತಗ್ಗುತ್ತದೆ. ಹಗಲು ಚೆನ್ನಾಗಿದ್ದ ಮಗುವಿಗೆ ಮರುರಾತ್ರಿ ಮತ್ತೆ ಹೆಚ್ಚಾಗಬಹುದು. ಅಲ್ಲಿಯವರೆಗೆ ಮಗುವನ್ನು ನಿಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳಿ.